ಡೆಲಿವರಿ ಹುಡುಗ್ರಿಗೂ ಅಂಗಡಿಯವ್ರಿಗೂ ಯೂನಿಫಾರ್ಮ್: ಕರಾವಳಿಯಲ್ಲಿ ರೇನ್‌ಕೋಟಿನಿಂದ ಶುರು ಮಾಡಿ

ಯೂನಿಫಾರ್ಮ್ ಮಾಡ್ಸೋಣ ಅಂದ ತಕ್ಷಣ ಎಲ್ರೂ ಮೊದ್ಲು ಟಿ-ಶರ್ಟ್ ಬಣ್ಣ ನೋಡ್ತಾರೆ, ಎದೆ ಮೇಲೆ ಲೋಗೋ ಹಾಕ್ಸ್ತಾರೆ, ಅಲ್ಲಿಗೆ ಕೆಲ್ಸ ಮುಗೀತು ಅಂದ್ಕೋತಾರೆ. ನಮ್ಮ ಕಡೆ, ಅಂದ್ರೆ ಕಾರವಾರದಿಂದ ಭಟ್ಕಳದವರೆಗೆ, ಇದು ಸರಿ ಹೋಗಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಟಿ-ಶರ್ಟ್ ಯಾರಿಗೂ ಕಾಣೋದೇ ಇಲ್ಲ. ಅದ್ರ ಮೇಲೆ ಹುಡುಗ ತನ್ನ ಮನೆಯಿಂದ ತಂದಿರೋ ಕಪ್ಪೋ ನೀಲಿನೋ ರೇನ್‌ಕೋಟ್ ಹಾಕಿರ್ತಾನೆ, ನೀವು ಖರ್ಚು ಮಾಡಿದ ಲೋಗೋ ಒಳಗಡೆ ಬೆವರ್ತಾ ಕೂತಿರತ್ತೆ. ವರ್ಷದ ಮೂರನೇ ಒಂದು ಭಾಗ ನಿಮ್ಮ ಅಂಗಡಿ ಗುರುತು ರಸ್ತೆ ಮೇಲೆ ಇರಲ್ಲ ಅಂತಾಯ್ತು. ಅದಕ್ಕೆ ನಾನು ಹೇಳೋದು, ಡಿಸೈನ್ ರೇನ್‌ಕೋಟಿನಿಂದ ಶುರುವಾಗ್ಲಿ, ಟಿ-ಶರ್ಟ್, ಏಪ್ರನ್, ಓವರ್‌ಕೋಟ್ ಎಲ್ಲ ಅದನ್ನೇ ಹಿಂಬಾಲಿಸ್ಲಿ.

ಒಂದು ಉದಾಹರಣೆ ಇಟ್ಕೊಂಡು ಹೋಗೋಣ. ಕಾರವಾರದಲ್ಲಿ ಒಂದು ಮೀನಿನ ಅಂಗಡಿ, ಹಸಿ ಮೀನು, ಒಣ ಮೀನು, ಜೊತೆಗೆ ಮುರುಗಲು, ಮಸಾಲೆ ಇಂಥದ್ದೂ ಇದೆ. ಸ್ಕೂಟರಲ್ಲಿ ಮನೆಮನೆಗೆ ಕೊಡೋರು ನಾಲ್ಕು ಜನ, ಮೀನು ಕತ್ತರಿಸೋರು ಇಬ್ರು, ಕೌಂಟರಲ್ಲಿ ಮೂರು ಜನ, ಅದ್ರಲ್ಲಿ ಇಬ್ರು ಹೆಂಗಸ್ರು. ಒಟ್ಟು ಒಂಬತ್ತು. ಕೋಡಿಬಾಗ, ಬೈತಖೋಲ, ಕಾಳಿ ಸೇತುವೆ ದಾಟಿ ಸದಾಶಿವಗಡ, ಇಷ್ಟು ಕಡೆ ಡೆಲಿವರಿ. ನಿಮ್ಮದು ಶಿರಸಿಯಲ್ಲಿ ಕಿರಾಣಿ ಅಂಗಡಿ ಆದ್ರೂ ಲೆಕ್ಕಾಚಾರ ಹೆಚ್ಚು ಬದಲಾಗಲ್ಲ, ಮೀನಿನ ವಾಸನೆ ಭಾಗ ಒಂದು ಬಿಟ್ಟು.

ಹಂತ 1: ಯಾರು ಎಲ್ಲಿಂದ ನೋಡ್ತಾರೆ ಅಂತ ಮೊದ್ಲು ನೋಡಿ

ಡೆಲಿವರಿ ಹುಡುಗನನ್ನ ಜನ ನೋಡೋದು ಎರಡು ಜಾಗದಿಂದ. ಒಂದು ರಸ್ತೆಯಲ್ಲಿ, ಹಿಂದಿನಿಂದ. ಇನ್ನೊಂದು ಬಾಗಿಲಲ್ಲಿ, ಎರಡು ಮೂರು ಅಡಿ ದೂರದಲ್ಲಿ, ಎದುರಿಗೆ. ಕೌಂಟರಲ್ಲಿರೋರು ಕಾಣೋದು ಸೊಂಟದಿಂದ ಮೇಲೆ ಮಾತ್ರ, ಅವರ ಪ್ಯಾಂಟಿಗೆ ದುಡ್ಡು ಸುರಿಯೋದು ದಂಡ.

ಹಿಂದಿನ ನೋಟದಲ್ಲಿ ಒಂದು ತೊಡಕಿದೆ. ಸ್ಕೂಟರ್ ಹಿಂದೆ ಐಸ್ ಬಾಕ್ಸ್ ಕಟ್ಟಿದ್ರೆ ಅದು ಹುಡುಗನ ಬೆನ್ನಿನ ಅರ್ಧ ಮುಚ್ಚಿಬಿಡತ್ತೆ. ಬೆನ್ನಿಗೆ ಬ್ಯಾಗ್ ಹಾಕೋರಾದ್ರೆ ಪೂರ್ತಿನೇ ಮುಚ್ಚತ್ತೆ. ಹಾಗಾಗಿ ಬೆನ್ನ ಮಧ್ಯ ದೊಡ್ಡ ಲೋಗೋ ಹಾಕೋಕೆ ಮುಂಚೆ ಒಂದು ಕೆಲ್ಸ ಮಾಡಿ. ಹುಡುಗನನ್ನ ಬಾಕ್ಸ್ ಕಟ್ಟಿದ ಸ್ಕೂಟರ್ ಮೇಲೆ ಹೆಲ್ಮೆಟ್ ಹಾಕ್ಸಿ ಕೂರ್ಸಿ, ಇಪ್ಪತ್ತೈದು ಅಡಿ ಹಿಂದೆ ನಿಂತು ಮೊಬೈಲಲ್ಲಿ ಫೋಟೋ ತೆಗೀರಿ. ಕಾಲರಿನಿಂದ ಕೆಳಗೆ ಬಾಕ್ಸ್ ಶುರುವಾಗೋ ತನಕ ಎಷ್ಟು ಇಂಚು ಖಾಲಿ ಕಾಣ್ತದೆ ಅಳೀರಿ. ಬಹಳ ಸಲ ಆರೆಂಟು ಇಂಚಿನ ಒಂದು ಪಟ್ಟಿ ಅಷ್ಟೇ ಸಿಗೋದು. ನಿಮ್ಮ ಹೆಸರು ಅಲ್ಲೇ ಇರಬೇಕು. ಅಕ್ಷರದ ಎತ್ತರಕ್ಕೆ ಬೋರ್ಡ್ ಬರೆಯೋರ ಹಳೇ ಅಂದಾಜು ಸಾಕು, ಒಂದು ಇಂಚಿನ ಅಕ್ಷರ ಹತ್ತು ಅಡಿಯಿಂದ ಆರಾಮಾಗಿ ಓದ್ಬಹುದು. ಇಪ್ಪತ್ತೈದು ಅಡಿ ಹಿಂದೆ ಇರೋ ಬೈಕಿನವನಿಗೆ ಎರಡೂವರೆ ಇಂಚು ಬೇಕು. ಅಷ್ಟು ದೊಡ್ಡ ಅಕ್ಷರ ಆ ಪಟ್ಟಿಯಲ್ಲಿ ಒಂದೇ ಸಾಲು ಹಿಡಿಯತ್ತೆ, ಫೋನ್ ನಂಬರ್, ಸ್ಲೋಗನ್ ಎಲ್ಲ ತುರುಕೋಕೆ ಹೋಗ್ಬೇಡಿ, ಅದನ್ನ ಬಾಕ್ಸಿಗೆ ಬಿಡಿ.

ಹಂತ 2: ಬಣ್ಣ, ರೇನ್‌ಕೋಟಿನ ಶೇಡ್ ಕಾರ್ಡಿನಿಂದ

ಸಣ್ಣ ಆರ್ಡರಿಗೆ ಯಾವ ಮಿಲ್ಲಿನವರೂ ನಿಮಗೋಸ್ಕರ ಹೊಸ ಬಣ್ಣ ಡೈ ಮಾಡ್ಕೊಡಲ್ಲ. ಸ್ಟಾಕಲ್ಲಿರೋ ಶೇಡಲ್ಲೇ ಆರಿಸ್ಬೇಕು. ಟಿ-ಶರ್ಟ್ ಬಟ್ಟೆಯಲ್ಲಿ ಹತ್ತಾರು ಶೇಡ್ ಸಿಗತ್ತೆ, ಏಪ್ರನ್ ಬಟ್ಟೆಯಲ್ಲಿ ಸ್ವಲ್ಪ ಕಮ್ಮಿ, ರೇನ್‌ಕೋಟ್ ಬಟ್ಟೆಯಲ್ಲಿ ಬೆರಳೆಣಿಕೆಯಷ್ಟು. ಟಿ-ಶರ್ಟ್ ಬಣ್ಣ ಮೊದ್ಲು ಫಿಕ್ಸ್ ಮಾಡಿದೋರಿಗೆ ಆಮೇಲೆ ಅದಕ್ಕೆ ಹೊಂದೋ ರೇನ್‌ಕೋಟ್ ಸಿಗದೇ ಹೋಗೋದು ಇದಕ್ಕೇ. ಕಮ್ಮಿ ಆಯ್ಕೆ ಇರೋದನ್ನ ಮೊದ್ಲು ಆರಿಸಿ, ಉಳಿದದ್ದನ್ನ ಅದಕ್ಕೆ ಹೊಂದಿಸಿ.

ಇನ್ನು ಯಾವ ಬಣ್ಣ? ಕಿತ್ತಳೆ ಅಂದ್ರೆ ಸ್ವಿಗ್ಗಿ, ಕೆಂಪು ಅಂದ್ರೆ ಜೊಮ್ಯಾಟೊ, ಹಳದಿ ಅಂದ್ರೆ ಬ್ಲಿಂಕಿಟ್, ಜನರ ತಲೆಯಲ್ಲಿ ಇದು ಕೂತಾಗಿದೆ. ಖಾಕಿ ಪೊಲೀಸ್ರದ್ದು, ಆಟೋದವ್ರದ್ದು. ಕಾರವಾರದಲ್ಲಿ ಇನ್ನೊಂದು ವಿಷ್ಯ ಇದೆ, ಅರಗಾದಲ್ಲಿ ನೌಕಾನೆಲೆ ಇದೆಯಲ್ಲ, ಹಾಗಾಗಿ ಕ್ಯಾಮಫ್ಲಾಜ್ ಪ್ಯಾಟರ್ನ್, ನೇವಿಯವರ ಬಿಳಿ ಡ್ರೆಸ್ ಥರದ್ದು ಯಾವುದೂ ಬೇಡವೇ ಬೇಡ. ಸೈನಿಕ ಅಂತ ನಂಬಿಸೋಕೆ ಅಂಥ ಉಡುಪು ಹಾಕೋದು ಕಾನೂನಲ್ಲಿ ಅಪರಾಧ, ನಿಮ್ಮ ಉದ್ದೇಶ ಅದಲ್ಲದಿದ್ರೂ ಗೇಟಿನ ಹತ್ರ ಸುಮ್ನೆ ಪ್ರಶ್ನೆ ಯಾಕೆ. ಮೀನಂಗಡಿ ಅಂದ್ರೆ ನೀಲಿ ಅಂತ ಎಲ್ರಿಗೂ ಹೊಳೆಯತ್ತೆ, ಆದ್ರೆ ಜುಲೈನ ಮೋಡದ ಬೆಳಕಲ್ಲಿ ಕಡುನೀಲಿ ಹಾಕ್ಕೊಂಡ ಸವಾರ ರಸ್ತೆ ಬಣ್ಣದಲ್ಲೇ ಕರಗಿ ಹೋಗ್ತಾನೆ. ಲಾರಿಗಳು ಓಡಾಡೋ ಹೆದ್ದಾರಿ 66ರಲ್ಲಿ ಅದು ಅಪಾಯ.

ನಮ್ಮ ಉದಾಹರಣೆ ಅಂಗಡಿಗೆ ನಾನು ಎರಡು ಬಣ್ಣದ ಜೋಡಿ ಇಡ್ತೀನಿ. ಭುಜದಿಂದ ಎದೆ ಅರ್ಧದವರೆಗೆ ನಿಂಬೆ ಹಳದಿ, ಅಲ್ಲಿಂದ ಕೆಳಗೆ ಮುರುಗಲ ಹಣ್ಣಿನ ಕಡುಗೆಂಪು, ಅಂಗಡಿಯವ್ರು ಮರೂನ್ ಅಂತಾರಲ್ಲ ಅದು. ಒಂದೇ ಬಣ್ಣ ಯಾರು ಬೇಕಾದ್ರೂ ಹಾಕ್ಕೊಂಡಿರ್ಬಹುದು, ಆದ್ರೆ ಮೇಲೆ ಹಳದಿ ಕೆಳಗೆ ಮುರುಗಲು ಅನ್ನೋ ಜೋಡಣೆ ಸುಲಭಕ್ಕೆ ಬೇರೆಯವರ ಮೈಮೇಲೆ ಬರಲ್ಲ. ಲೋಗೋ ಕಾಣದಿದ್ರೂ ದೂರದಿಂದ ಗುರುತು ಸಿಗತ್ತೆ. ರೇನ್‌ಕೋಟ್, ಟಿ-ಶರ್ಟ್, ಹೆಂಗಸ್ರ ಓವರ್‌ಕೋಟ್, ಎಲ್ಲದ್ರಲ್ಲೂ ಗೆರೆ ಅದೇ ಎತ್ತರಕ್ಕೆ, ಭುಜದ ತುದಿಯಿಂದ ಒಂಬತ್ತು ಇಂಚು ಕೆಳಗೆ. ಫ್ಲೋರೊಸೆಂಟ್ ಹಳದಿ ಇನ್ನೂ ಚೆನ್ನಾಗಿ ಕಾಣತ್ತೆ ನಿಜ, ಆದ್ರೆ ಬಿಸಿಲಿಗೆ ಬೇಗ ಬಿಳಚ್ಕೊಳ್ಳತ್ತೆ, ಮಾರ್ಚ್ ಏಪ್ರಿಲ್ ದಾಟಿದ್ಮೇಲೆ ಒಬ್ಬೊಬ್ಬರದ್ದು ಒಂದೊಂದು ಹಳದಿ ಆಗತ್ತೆ. ಸಾದಾ ಗಾಢ ನಿಂಬೆ ಹಳದಿ ಸಾಕು, ರಾತ್ರಿ ಕಾಣೋಕೆ ರಿಫ್ಲೆಕ್ಟಿವ್ ಟೇಪ್ ಹಾಕ್ಸೋಣ.

ಶೇಡ್ ಆರಿಸುವಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಮಾತ್ರ ನೋಡ್ಬೇಡಿ. ಎರಡು ಬೇರೆ ಬಟ್ಟೆಯ ಒಂದೇ ಮರೂನ್ ಟ್ಯೂಬ್‌ಲೈಟಲ್ಲಿ ಒಂದೇ ಥರ ಕಂಡು ಹೊರಗೆ ಬಂದ್ರೆ ಒಂದು ಕಂದು ಒಂದು ಗುಲಾಬಿ ಹೊಡೀಬಹುದು. ತುಂಡುಗಳನ್ನ ಬಿಸಿಲಿಗೂ ನೆರಳಿಗೂ ತಂದು ಪಕ್ಕಪಕ್ಕ ಹಿಡಿದು ನೋಡಿ.

ಹಂತ 3: ರೇನ್‌ಕೋಟ್ ಹೊಲಿಗೆ

ಜಾಕೆಟ್ ಮತ್ತು ಪ್ಯಾಂಟ್ ಬೇರೆಬೇರೆ ಇರೋ ಟೂ ಪೀಸ್ ತಗೊಳ್ಳಿ, ಒಳಗಡೆ ಪಿಯು ಕೋಟಿಂಗ್ ಇರೋ ಪಾಲಿಯೆಸ್ಟರ್ ಬಟ್ಟೆದ್ದು. ಅಗ್ಗದ ಪಿವಿಸಿ ಕೋಟ್ ಮಡಚಿದ ಜಾಗದಲ್ಲೇ ಬೇಗ ಸೀಳತ್ತೆ. ಹೊಲಿಗೆ ಮೇಲೆ ಒಳಗಿನಿಂದ ಸೀಮ್ ಟೇಪ್ ಅಂಟಿಸಿರ್ಬೇಕು, ಇಲ್ದಿದ್ರೆ ಸೂಜಿ ತೂತಿಂದಲೇ ನೀರು ಇಳಿಯತ್ತೆ. ಸ್ಯಾಂಪಲ್ ಬಂದಾಗ ಪರೀಕ್ಷೆ ಸುಲಭ. ಪ್ಯಾಂಟನ್ನ ಒಳಹೊರಗು ಮಾಡಿ, ಎರಡು ಕಾಲು ಸೇರೋ ನಡುವಿನ ಹೊಲಿಗೆ ಇದೆಯಲ್ಲ, ಆ ಜಾಗ ಬಟ್ಟಲಿನ ಹಾಗೆ ಹಿಡ್ಕೊಂಡು ಒಂದು ಮಗ್ ನೀರು ಹಾಕಿ, ಹತ್ತು ನಿಮಿಷ ಕಾಯಿರಿ. ಕೆಳಗೆ ಕೈ ಒದ್ದೆ ಆದ್ರೆ ವಾಪಸ್ ಕಳ್ಸಿ. ಸವಾರಿ ಮಾಡೋರಿಗೆ ಮೊದ್ಲು ನೀರು ನುಗ್ಗೋದೇ ಅಲ್ಲಿಂದ, ಕೂತಾಗ ನೀರು ಮಡಿಲಲ್ಲಿ ನಿಲ್ಲತ್ತೆ ಅಂತ.

ಇದೇ ಕಾರಣಕ್ಕೆ ರೇನ್‌ಕೋಟ್ ಮೇಲೆ ಎಂಬ್ರಾಯ್ಡರಿ ಮಾಡ್ಸೋ ಹಾಗೇ ಇಲ್ಲ. ಒಂದು ಲೋಗೋ ಅಂದ್ರೆ ಸಾವಿರಾರು ಸೂಜಿ ತೂತು. ಹೆಸರು ಸ್ಕ್ರೀನ್ ಪ್ರಿಂಟ್ ಆಗ್ಲಿ, ಇಲ್ಲ ಆ ಬಟ್ಟೆಗೆ ಅಂತಲೇ ಇರೋ ಕಮ್ಮಿ ಶಾಖದ ಹೀಟ್ ಟ್ರಾನ್ಸ್‌ಫರ್. ರಿಫ್ಲೆಕ್ಟಿವ್ ಟೇಪನ್ನೂ ಆದಷ್ಟು ಹೀಟ್ ಸೀಲ್ ಮಾಡ್ಸಿ, ಹೊಲಿದ್ರೆ ಒಳಗಿಂದ ಮತ್ತೆ ಸೀಮ್ ಟೇಪ್ ಅಂಟಿಸ್ಬೇಕು. ಟೇಪ್ ಎರಡು ಇಂಚು ಅಗಲದ್ದು ಇರ್ಲಿ. ಬೆನ್ನಿಗೆ ಒಂದು, ತೋಳಿಗೆ ಒಂದೊಂದು, ಮರೀದೇ ಪ್ಯಾಂಟಿನ ಪಾದದ ಹತ್ರನೂ ಒಂದೊಂದು. ಬೆನ್ನಿನದ್ದು ಬಾಕ್ಸ್ ಹಿಂದೆ ಅಡಗತ್ತೆ, ಪಾದದ್ದು ಹೆಡ್‌ಲೈಟಿಗೆ ತಕ್ಷಣ ಹೊಳೆಯತ್ತೆ, ಹುಡುಗ ಗಾಡಿ ಇಳಿದು ನಡೆಯೋವಾಗ ಕಾಲಿನ ಚಲನೆ ನೋಡಿ ಮನುಷ್ಯ ಅಂತ ಡ್ರೈವರಿಗೆ ಬೇಗ ಗೊತ್ತಾಗತ್ತೆ.

ಇನ್ನೊಂದು, ಇದು ಸಮುದ್ರದ ಪಕ್ಕದ ಊರು. ಮೆಟಲ್ ಜಿಪ್, ಟಿಚ್ ಬಟನ್, ಕಬ್ಬಿಣದ ಐಲೆಟ್ ಯಾವುದು ಹಾಕಿದ್ರೂ ಉಪ್ಪು ಗಾಳಿಗೆ ತುಕ್ಕು ಹಿಡಿದು ಹಳದಿ ಬಟ್ಟೆ ಮೇಲೆ ಕಂದು ಕಲೆ ಇಳಿಯತ್ತೆ. ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್, ವೆಲ್ಕ್ರೋ, ಪ್ಲಾಸ್ಟಿಕ್ ಬಟನ್ ಅಂತ ಆರ್ಡರಲ್ಲಿ ಬರೆದೇ ಕೊಡಿ. ಬಾಯಲ್ಲಿ ಹೇಳಿದ್ದು ಹುಬ್ಬಳ್ಳಿ ತಲುಪೋ ಹೊತ್ತಿಗೆ ಮರೆತು ಹೋಗಿರತ್ತೆ.

ಹಂತ 4: ಟಿ-ಶರ್ಟ್ ಬಟ್ಟೆ

ಪೂರ್ತಿ ಕಾಟನ್ ಮೈಗೆ ಹಿತ, ಆದ್ರೆ ನಮ್ಮ ಮಳೆಗಾಲದಲ್ಲಿ ದಪ್ಪ ಕಾಟನ್ ಪೋಲೋ ಎರಡು ದಿನ ಕಳೆದ್ರೂ ಒಣಗಲ್ಲ, ಮುಗ್ಗುಲು ವಾಸನೆ ಬರತ್ತೆ, ಕಾಲರ್ ಮೇಲೆ ಕಪ್ಪು ಚುಕ್ಕೆ ಬೂಸ್ಟು ಏಳತ್ತೆ. ಪೂರ್ತಿ ಪಾಲಿಯೆಸ್ಟರ್ ಡ್ರೈಫಿಟ್ ಫ್ಯಾನ್ ಕೆಳಗೆ ರಾತ್ರಿ ಹಾಕಿದ್ರೆ ಬೆಳಿಗ್ಗೆ ರೆಡಿ, ಆದ್ರೆ ಬೆವರಿನ ಎಣ್ಣೆ ಅಂಶ ಹಿಡ್ಕೊಂಡು ನಾಲ್ಕೈದು ತಿಂಗಳಲ್ಲಿ ತೊಳೆದ್ರೂ ವಾಸನೆ ಹೋಗದ ಹಾಗೆ ಆಗತ್ತೆ, ಮೀನಂಗಡಿಯಲ್ಲಿ ಅದು ಇನ್ನೂ ಕಷ್ಟ. ನನ್ನ ಆಯ್ಕೆ ಕಾಟನ್ 60, ಪಾಲಿಯೆಸ್ಟರ್ 40 ಮಿಶ್ರಣದ, ಸಣ್ಣ ಜೇನುಗೂಡಿನ ಥರ ನೇಯ್ಗೆ ಇರೋ ಪೀಕೆ ಬಟ್ಟೆ, ಚದರ ಮೀಟರಿಗೆ ಸುಮಾರು 200 ಗ್ರಾಂ ತೂಕದ್ದು, ಅಂದ್ರೆ 200 ಜಿಎಸ್‌ಎಮ್. ಇದಕ್ಕಿಂತ ತೆಳು ತಗೊಂಡ್ರೆ ಹಳದಿ ಭಾಗದಲ್ಲಿ ಬನಿಯನ್ ಕಾಣತ್ತೆ.

ಕಟಿಂಗಲ್ಲಿ ಒಂದೇ ಒಂದು ಬದಲಾವಣೆ ಕೇಳಿ: ಹಿಂಭಾಗ ಮುಂಭಾಗಕ್ಕಿಂತ ಎರಡು ಇಂಚು ಉದ್ದ ಇರ್ಲಿ. ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿದು ಕೂತಾಗ ಶರ್ಟ್ ಮೇಲೆ ಸರಿದು ಸೊಂಟ ಕಾಣತ್ತೆ, ಹಿಂದಿನಿಂದ ನೋಡೋರಿಗೆ ಅದು ಚಂದ ಅಲ್ಲ. ಅಳತೆ ತಗೊಳ್ಳುವಾಗಲೂ ಹುಡುಗ್ರನ್ನ ಗಾಡಿ ಮೇಲೆ ಕೂರ್ಸಿ ಒಂದ್ಸಲ ನೋಡಿ. ಎದೆ ಜೇಬು ಬೇಡ. ಬಾಕ್ಸಿಗೆ ಬಗ್ಗಿದಾಗ ಮೊಬೈಲ್ ಸೀದಾ ಐಸ್ ಒಳಗೆ ಬೀಳತ್ತೆ.

ಎಲ್ಲಕ್ಕಿಂತ ಮುಖ್ಯ, ಎರಡು ಬಣ್ಣದ ಬಟ್ಟೆ ಅಂದ್ರೆ ಮರೂನ್ ತುಂಡು ಬಣ್ಣ ಬಿಟ್ಟು ಅದು ಹಳದಿ ಮೇಲೆ ಹರಡೋ ಭಯ ಇರತ್ತೆ. ಇದನ್ನ ಬಟ್ಟೆ ಕತ್ತರಿಸೋ ಮುಂಚೆ ಪರೀಕ್ಷೆ ಮಾಡಿ. ಮರೂನ್ ತುಂಡನ್ನ ಹಳದಿ ತುಂಡಿಗೆ, ಒಂದು ಬಿಳಿ ಕಾಟನ್ ತುಂಡಿಗೆ ಸೇರಿಸಿ ಹೊಲಿದು, ಬಿಸಿ ನೀರು ಮತ್ತು ಸರ್ಫಲ್ಲಿ ಅರ್ಧ ಗಂಟೆ ನೆನೆಹಾಕಿ, ತೊಳೆದು, ಹಿಂಡದೇ ಒದ್ದೆಯಾಗೇ ಮಡಚಿ ರಾತ್ರಿ ಇಟ್ಟುಬಿಡಿ. ಬೆಳಿಗ್ಗೆ ಬಿಳಿ ತುಂಡು ಸ್ವಲ್ಪ ಗುಲಾಬಿ ಆಗಿದ್ರೂ ಆ ಲಾಟ್ ಬೇಡ. ಕುಗ್ಗೋದನ್ನೂ ಜೊತೆಗೇ ನೋಡ್ಬಹುದು: 50 ಸೆಂಟಿಮೀಟರ್ ಚೌಕ ಮಾರ್ಕರಲ್ಲಿ ಬರೆದು ಮೂರು ಸಲ ತೊಳೆದು ಒಣಗ್ಸಿ ಅಳೀರಿ. ಎರಡು ಸೆಂಟಿಮೀಟರ್ ಕಮ್ಮಿ ಆದ್ರೆ ನೂರಕ್ಕೆ ನಾಲ್ಕು ಕುಗ್ಗಿತು ಅಂತ. ಅದಕ್ಕಿಂತ ಹೆಚ್ಚಾದ್ರೆ ಒಂದೋ ಬಟ್ಟೆ ಬದ್ಲಿಸಿ ಇಲ್ಲ ಮೊದ್ಲೇ ತೊಳೆದು ಹೊಲೀಲಿ, ಯಾಕಂದ್ರೆ ಹಳದಿ ಒಂದಷ್ಟು ಮರೂನ್ ಇನ್ನೊಂದಷ್ಟು ಕುಗ್ಗಿದ್ರೆ ನಡುವಿನ ಹೊಲಿಗೆ ಸುರುಟ್ಕೊಂಡು ಶರ್ಟ್ ಹಳೇದರ ಥರ ಕಾಣತ್ತೆ.

ಹಂತ 5: ಹೆಸರು ಮತ್ತು ಕನ್ನಡ ಅಕ್ಷರ

ಹೆಸರು ಹಳದಿ ಭಾಗದ ಮೇಲೆ, ಮರೂನ್ ಬಣ್ಣದಲ್ಲಿ. ಇದು ಬರೀ ಚಂದಕ್ಕಲ್ಲ. ಮರೂನ್ ಪಾಲಿಯೆಸ್ಟರ್ ಇರೋ ಬಟ್ಟೆ ಮೇಲೆ ಬಿಳಿ ಪ್ರಿಂಟ್ ಹಾಕಿ ಶಾಖ ಕೊಟ್ಟಾಗ ಬಟ್ಟೆಯ ಬಣ್ಣ ಆವಿಯಾಗಿ ಬಿಳಿ ಇಂಕಿಗೆ ಏರತ್ತೆ, ಬಿಳಿ ಲೋಗೋ ಗುಲಾಬಿ ಆಗತ್ತೆ. ಕೆಲವು ಸಲ ಡೆಲಿವರಿ ತಗೊಳ್ಳುವಾಗ ಬೆಳ್ಳಗೇ ಇದ್ದು ವಾರ ಕಳೆದ್ಮೇಲೆ ಗುಲಾಬಿ ಆಗೋದೂ ಇದೆ. ಇದಕ್ಕೆ ಲೋ ಬ್ಲೀಡ್ ಇಂಕ್, ಕೆಳಗೆ ಬೂದು ಬಣ್ಣದ ಒಂದು ಪದರ ಅಂತ ಉಪಾಯ ಇದೆ, ಆದ್ರೆ ಎಲ್ಲಾ ಪ್ರಿಂಟರೂ ಅದನ್ನ ಮಾಡಲ್ಲ. ತಿಳಿ ಬಣ್ಣದ ಮೇಲೆ ಕಡು ಬಣ್ಣ ಹಾಕಿದ್ರೆ ಆ ತಲೆನೋವೇ ಇಲ್ಲ.

ಟಿ-ಶರ್ಟಿನ ಎದೆ ಎಡಭಾಗದಲ್ಲಿ ಮೂರರಿಂದ ಮೂರೂವರೆ ಇಂಚು ಅಗಲದ ಎಂಬ್ರಾಯ್ಡರಿ ಹಾಕ್ಸ್ಬಹುದು, ತೊಳೆತಕ್ಕೆ ಗಟ್ಟಿ. ಇಂಗ್ಲಿಷ್ ಅಕ್ಷರ ಐದಾರು ಮಿಲಿಮೀಟರ್ ಎತ್ತರ ಇದ್ರೂ ಎಂಬ್ರಾಯ್ಡರಿ ನಡೆಯತ್ತೆ, ಕನ್ನಡಕ್ಕೆ ಅದು ಸಾಲಲ್ಲ. ಹೆಸರಲ್ಲಿ ‘ಮತ್ಸ್ಯ’ ಅಂತಿದೆ ಅಂತ ಇಟ್ಕೊಳ್ಳಿ. ತ ಕೆಳಗೆ ಸ ಒತ್ತು, ಅದಕ್ಕೆ ತಾಗಿ ಯ ಒತ್ತು. ದೊಡ್ಡ ಅಕ್ಷರ ಎಂಟು ಮಿಲಿಮೀಟರ್ ಇದ್ರೆ ಒತ್ತು ಮೂರು ನಾಲ್ಕು ಮಿಲಿಮೀಟರಿಗೆ ಇಳಿಯತ್ತೆ, ದಾರ ದಾರ ಸೇರಿ ಒಂದು ಗಂಟಾಗತ್ತೆ, ಅಷ್ಟೇ. ಅಕ್ಷರ ಹನ್ನೆರಡು ಮಿಲಿಮೀಟರಿಗಿಂತ ಮೇಲೆ ಇಡಿ, ಮಾಮೂಲಿ 40 ನಂಬರ್ ದಾರದ ಬದ್ಲು ತೆಳು 60 ನಂಬರ್ ದಾರ ಕೇಳಿ, ಒತ್ತುಗಳ ನಡುವೆ ಕನಿಷ್ಠ ಒಂದು ಮಿಲಿಮೀಟರ್ ಜಾಗ ಬಿಡ್ಸಿ. ಹೆಸರು ಉದ್ದ ಇದ್ದು ಹಿಡಿಸಲ್ಲ ಅಂದ್ರೆ ಎದೆಗೂ ಸ್ಕ್ರೀನ್ ಪ್ರಿಂಟೇ ವಾಸಿ. ಬೆನ್ನಿನ ದೊಡ್ಡ ಹೆಸರಂತೂ ಸ್ಕ್ರೀನ್ ಪ್ರಿಂಟೇ ಆಗ್ಬೇಕು, ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಶಾಖದಿಂದ ಅಂಟಿಸೋ ಡಿಟಿಎಫ್ ಸ್ಟಿಕರ್ ಅಷ್ಟು ಅಗಲಕ್ಕೆ ಹಾಕಿದ್ರೆ ಪ್ಲಾಸ್ಟಿಕ್ ಹಾಳೆ ಕಟ್ಟಿದ ಹಾಗೆ ಬೆವರತ್ತೆ.

ಫೈಲ್ ಕೊಡುವಾಗ ಅಕ್ಷರಗಳನ್ನ ಕರ್ವ್ ಮಾಡ್ಸಿ, ಅಂದ್ರೆ ಫಾಂಟ್ ಬೇಡದ ಹಾಗೆ ಚಿತ್ರರೂಪಕ್ಕೆ ತಿರುಗ್ಸಿ ಕೊಡಿ. ನುಡಿಯಲ್ಲೋ ಯೂನಿಕೋಡಲ್ಲೋ ಟೈಪ್ ಮಾಡಿದ್ದನ್ನ ಹಾಗೇ ಕಳ್ಸಿದ್ರೆ ಬೇರೆ ಕಂಪ್ಯೂಟರಲ್ಲಿ ಒತ್ತು ಪಕ್ಕಕ್ಕೆ ಹಾರಿ ಬೇರೇನೋ ಆಗಿರತ್ತೆ. ತಿರುಪ್ಪೂರಲ್ಲಿ ಪ್ರಿಂಟ್ ಹಾಕೋರಿಗೆ ಕನ್ನಡ ಓದೋಕೆ ಬರದೇ ಇರ್ಬಹುದು, ತಪ್ಪು ಅವರ ಕಣ್ಣಿಗೆ ಬೀಳೋದು ಹೇಗೆ? ಮೊದಲ ಪೀಸಿನ ಫೋಟೋ ವಾಟ್ಸಾಪಲ್ಲಿ ತರ್ಸಿ, ನೀವೇ ಒಂದೊಂದು ಅಕ್ಷರ ಬೆರಳಿಟ್ಟು ಓದಿ, ಆಮೇಲೆ ಓಕೆ ಹೇಳಿ. ಎಂಬ್ರಾಯ್ಡರಿಗೆ ಡಿಜಿಟೈಸ್ ಮಾಡಿದ, ಅಂದ್ರೆ ಮಷಿನ್ನಿಗೆ ಹೊಲಿಗೆ ದಾರಿ ಹೇಳೋ DST ಫೈಲನ್ನೂ ಈಸ್ಕೊಂಡು ಇಟ್ಕೊಳ್ಳಿ, ಮುಂದಿನ ವರ್ಷ ಬೇರೆಯವ್ರ ಹತ್ರ ಮಾಡ್ಸಿದ್ರೂ ಅದಕ್ಕೆ ಮತ್ತೆ ದುಡ್ಡು ಕೊಡೋದು ತಪ್ಪತ್ತೆ.

ಹಂತ 6: ಕೌಂಟರ್ ಮತ್ತು ಮೀನು ಕತ್ತರಿಸೋರು

ಹೆಂಗಸ್ರಿಗೂ ಟಿ-ಶರ್ಟೇ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಕೇಳಿ. ‘ಅಣ್ಣಾ, ಸೀರೆ ಮೇಲೆ ಹಾಕ್ಕೊಳ್ಳೋ ಹಂಗೆ ಏನಾದ್ರೂ ಮಾಡ್ಸಿ’ ಅನ್ನೋರೇ ಜಾಸ್ತಿ ಇರ್ತಾರೆ. ತೋಳಿಲ್ಲದ, ಮಂಡಿ ಹತ್ರ ಬರೋ ಓವರ್‌ಕೋಟ್, ಎರಡೂ ಪಕ್ಕ ಸ್ಲಿಟ್, ಸೊಂಟದ ಹತ್ರ ಎರಡು ಜೇಬು. ಸೀರೆಗೂ ಆಯ್ತು ಚೂಡಿದಾರಿಗೂ ಆಯ್ತು. ಹಳದಿ ಮುರುಗಲು ಗೆರೆ ಇದ್ರಲ್ಲೂ ಅದೇ ಒಂಬತ್ತು ಇಂಚಿಗೆ. ನೇಮ್ ಬ್ಯಾಡ್ಜಲ್ಲಿ ಬರೀ ಹೆಸರು ಸಾಕು, ಪೂರ್ತಿ ಹೆಸರು ಅಡ್ಡಹೆಸರು ಬರೆಸಿ ಅವರನ್ನ ಫೇಸ್‌ಬುಕ್ಕಲ್ಲಿ ಹುಡುಕೋರಿಗೆ ದಾರಿ ಮಾಡ್ಕೊಡ್ಬೇಡಿ.

ಕತ್ತರಿಸೋರಿಗೆ ಮರೂನ್ ಕೆಳಭಾಗ ರಕ್ತದ ಕಲೆ ಸ್ವಲ್ಪ ಮರೆಮಾಚತ್ತೆ, ಆದ್ರೆ ಅದನ್ನ ನೆಚ್ಕೊಂಡು ತೊಳೀದೇ ಬಿಡೋ ಹಾಗಾಗ್ಬಾರ್ದು. ಅವರ ರಬ್ಬರ್ ಏಪ್ರನ್ ಬಿಳಿದೇ ಇರ್ಲಿ, ಕೊಳೆ ಕಂಡ್ರೆ ತಾನೇ ತೊಳೆಯೋದು. ತಲೆಗೆ ಟೋಪಿ, ಕಾಲಿಗೆ ಗಮ್‌ಬೂಟ್. ಎಫ್‌ಎಸ್‌ಎಸ್‌ಎಐ ನಿಯಮದಲ್ಲೂ ಆಹಾರ ಮುಟ್ಟೋರಿಗೆ ಶುಭ್ರ ಬಟ್ಟೆ, ತಲೆ ಮುಚ್ಚಿಕೊಳ್ಳೋದು ಇದ್ದೇ ಇದೆ.

ಹಂತ 7: ಎಷ್ಟು, ಯಾವಾಗ

ಒಂದು ಮೈಮೇಲೆ, ಒಂದು ಒಗೆಯೋಕೆ, ಒಂದು ಒಣಗೋಕೆ, ಹೀಗೆ ಒಬ್ಬರಿಗೆ ಮೂರು. ಕತ್ತರಿಸೋರಿಗೆ ನಾಲ್ಕು. ನಮ್ಮ ಅಂಗಡಿಗೆ ಲೆಕ್ಕ ಹಾಕಿದ್ರೆ ಡೆಲಿವರಿಯವ್ರಿಗೆ ಹನ್ನೆರಡು, ಕತ್ತರಿಸೋರಿಗೆ ಎಂಟು, ಕೌಂಟರಿನ ಗಂಡಸಿಗೆ ಮೂರು, ಹೊಸಬರು ಸೇರಿದ್ರೆ ಅಂತ ಎರಡು ಹೆಚ್ಚು, ಒಟ್ಟು ಇಪ್ಪತ್ತೈದು ಟಿ-ಶರ್ಟ್. ಓವರ್‌ಕೋಟ್ ಆರು, ರೇನ್‌ಕೋಟ್ ನಾಲ್ಕರ ಮೇಲೆ ಒಂದು ಸ್ಪೇರ್, ಐದು. ಎಲ್ಲಾ ಟಿ-ಶರ್ಟ್ ಒಂದೇ ಲಾಟಿನ ಬಟ್ಟೆಯಲ್ಲಿ ಆಗ್ಲಿ, ಈಗ ಐದು ಆಮೇಲೆ ಆರು ಅಂತ ಮಾಡ್ಸಿದ್ರೆ ಮರೂನ್ ಒಂದೊಂದು ಥರ ಬರತ್ತೆ.

ಮೇ ಕೊನೆ, ಜೂನಲ್ಲಿ ಟೇಲರ್‌ಗಳೆಲ್ಲ ಶಾಲೆ ಯೂನಿಫಾರ್ಮಲ್ಲಿ ಮುಳುಗಿರ್ತಾರೆ, ಆಗ ಕೊಟ್ಟ ಆರ್ಡರ್ ಹಿಂದೆ ಬೀಳತ್ತೆ. ರೇನ್‌ಕೋಟ್ ಮಾರ್ಚಲ್ಲೇ ಆರ್ಡರ್ ಕೊಟ್ಟು ಮೇ ಮಧ್ಯದೊಳಗೆ ಕೈಗೆ ತಗೊಳ್ಳಿ. ಟಿ-ಶರ್ಟ್, ಓವರ್‌ಕೋಟ್ ಜುಲೈಗೆ ಇಟ್ಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರತ್ತೆ, ವ್ಯಾಪಾರ ತಣ್ಣಗಿರತ್ತೆ, ಅಳತೆಗೂ ಸ್ಯಾಂಪಲ್ ಪರೀಕ್ಷೆಗೂ ಪುರುಸೊತ್ತಿರತ್ತೆ, ಆಗಸ್ಟಲ್ಲಿ ಬೋಟು ಇಳಿಯೋ ಹೊತ್ತಿಗೆ ಎಲ್ಲರ ಮೈಮೇಲೆ ಹೊಸದು.

ಹಂತ 8: ಒಗೆತ, ಆಮೇಲೆ ವಾಪಸ್ ತಗೊಳ್ಳೋದು

ಒಂದು ಚೀಟಿ ಬರೆದು ಅಂಗಡಿ ಗೋಡೆಗೆ ಅಂಟಿಸಿ. ಮೀನಿನ ರಕ್ತ ಮೊದ್ಲು ತಣ್ಣೀರಲ್ಲೇ ತೊಳೀಬೇಕು, ಬಿಸಿ ನೀರು ಹಾಕಿದ್ರೆ ಕಲೆ ಬಟ್ಟೆಗೆ ಕಚ್ಚತ್ತೆ. ವಾಸನೆಗೆ ಒಂದು ಬಕೆಟ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ ಆಮೇಲೆ ಸೋಪು. ಮೀನಿನ ವಾಸನೆ ಕ್ಷಾರ ಗುಣದ್ದು, ಹುಳಿ ಸೇರಿದ್ರೆ ಇಳಿಯತ್ತೆ. ಬ್ಲೀಚಿಂಗ್ ಪೌಡರ್ ಮುಟ್ಟಿಸ್ಬೇಡಿ, ವಿನೆಗರ್ ಜೊತೆ ಅಂತೂ ಸೇರಿಸ್ಲೇಬೇಡಿ, ವಿಷಗಾಳಿ ಬರತ್ತೆ. ಪ್ರಿಂಟ್ ಇರೋದನ್ನ ಒಳಹೊರಗು ಮಾಡಿ ಒಗೀಬೇಕು, ಪ್ರಿಂಟ್ ಮೇಲೆ ಸೀದಾ ಇಸ್ತ್ರಿ ಇಡ್ಬಾರ್ದು. ರೇನ್‌ಕೋಟ್ ವಾಷಿಂಗ್ ಮಷಿನ್ನಿಗೆ ಬೇಡ, ಬರೀ ನೀರಲ್ಲಿ ಜಾಲಿಸಿ ನೆರಳಲ್ಲಿ ನೇತುಹಾಕಿ. ಒಗೆಯೋ ಖರ್ಚನ್ನ ಹುಡುಗ್ರ ಸಂಬಳದಿಂದ ಹಿಡೀಬೇಡಿ, ಹಿಡಿದ್ರೆ ಅವರು ವಾರಕ್ಕೊಂದ್ಸಲ ಒಗೆಯೋಕೆ ಶುರು ಮಾಡ್ತಾರೆ, ವಾಸನೆ ಹೊಡೆಯೋದು ನಿಮ್ಮ ಹೆಸರಿಗೆ.

ಆರು ತಿಂಗಳಿಗೊಮ್ಮೆ ಎಲ್ಲರ ಸೆಟ್ಟನ್ನ ಮೇಜಿನ ಮೇಲೆ ಹರಡಿ, ತೆಗೆದಿಟ್ಟ ಒಂದು ಹೊಸ ಶರ್ಟ್ ಪಕ್ಕ ಇಟ್ಟು ನೋಡಿ. ಮರೂನ್ ಕಂದಾಗಿದ್ರೆ, ಕಾಲರ್ ಸುರುಟಿದ್ರೆ, ಟಾರ್ಚ್ ಬಿಟ್ಟಾಗ ಟೇಪ್ ಹೊಳೀದಿದ್ರೆ ಆ ಪೀಸ್ ಹೊರಗೆ. ಕೆಲ್ಸ ಬಿಟ್ಟು ಹೋಗೋರಿಂದ ಕೊನೇ ಸಂಬಳದ ದಿನ ರೇನ್‌ಕೋಟ್, ಟಿ-ಶರ್ಟ್, ಐಡಿ ಕಾರ್ಡ್ ಎಲ್ಲ ಎಣಿಸಿ ತಗೊಂಡು ರಿಜಿಸ್ಟರಲ್ಲಿ ಸೈನ್ ಹಾಕ್ಸಿ. ಆ ಬಟ್ಟೆ ನೋಡೇ ಜನ ಬಾಗಿಲು ತೆಗೀತಾರೆ, ಕ್ವಾರ್ಟರ್ಸ್ ಗೇಟಿನ ವಾಚ್‌ಮನ್ ಒಳಗೆ ಬಿಡ್ತಾನೆ, ಹಾಗಾಗಿ ಅದು ಯಾರ್ಯಾರ ಕೈಗೋ ಹೋಗ್ಬಾರ್ದು. ಹಳೇದನ್ನ ಹಾಗೇ ಯಾರಿಗೂ ಕೊಡ್ಬೇಡಿ, ಹೆಸರಿರೋ ಹಳದಿ ಭಾಗ ಕತ್ತರಿಸಿ ತೆಗೀರಿ, ಉಳಿದ ಮರೂನ್ ತುಂಡು ಅಂಗಡಿ ಕಟ್ಟೆ ಒರೆಸೋಕೆ ಆಗತ್ತೆ.